ಎರಡು ಜ್ಯೇಷ್ಠದ ಧೂಳು

ಕೊಟ್ರಯ್ಯ ಹೊಸಪೇಟೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಅಟೆಂಡರ್. ಇಪ್ಪತ್ತೆರಡು ವರ್ಷ ಹುಡುಗರು ಒಡೆದ ಗಾಜು ಗುಡಿಸಿದವನು. ಭಾಷಣ ಮಾಡಿದವನಲ್ಲ, ಧರಣಿಗೆ ಕುಂತವನಲ್ಲ. ಅದಿರಿನ ಲಾರಿ ತಡೆದು ಗಣಿ ವಿರೋಧಿ ಸಂಘದ ನಾವು ಹದಿನೆಂಟು ಜನ ಜೈಲು ಸೇರಿದಾಗ ನೋಡಲು ಬಂದವನೂ ಅಲ್ಲ. ಅವನು ಮಾಡಿದ್ದು ಒಂದೇ ಕೆಲಸ. ಮೂರು ವರ್ಷ ಧೂಳು ತೂಗಿದ.

2005ರ ಜೂನ್‌ನಲ್ಲಿ ಶುರುವಾದದ್ದು. ಸಂಡೂರಿನಿಂದ ಹೊಸಪೇಟೆಯವರೆಗೆ ಲಾರಿ ರಸ್ತೆಯ ಬದಿಗೆ ಎಂಟು ಕಡೆ, ಮಾಳಿಗೆಗಳ ಮೇಲೆ, ಅಗಲ ಬಾಯಿಯ ಜಾಡಿ ಇಟ್ಟೆವು. ಜಾಡಿಯಲ್ಲಿ ಒಂದಿಷ್ಟು ಬಟ್ಟಿ ಇಳಿಸಿದ ನೀರು, ಪಾಚಿ ಕಟ್ಟದಂತೆ ಚೂರು ಮೈಲುತುತ್ತ. ತಿಂಗಳಿಗೊಮ್ಮೆ ಅದರಲ್ಲಿದ್ದದ್ದನ್ನು ಬಾಟಲಿಗೆ ಸುರಿದು, ಚೀಟಿ ಅಂಟಿಸಿ, ಬಸ್ಸಿನಲ್ಲಿ ಕಾಲೇಜಿಗೆ ಕಳಿಸುವುದು. ಕೊಟ್ರಯ್ಯ ಅದನ್ನು ಜರಡಿ ಹಿಡಿದು ಎಲೆ, ಹುಳ ತೆಗೆದು, ಸೋಸಿ, ಓವನ್ನಿನಲ್ಲಿ ಒಣಗಿಸಿ, ತೂಕ ಇಳಿಯುವುದು ನಿಲ್ಲುವ ತನಕ ತೂಗುತ್ತಿದ್ದ. ಜಾಡಿಯ ಬಾಯಿಯ ಅಳತೆ ಗೊತ್ತು, ತೂಕ ಗೊತ್ತು. ಚದರ ಕಿಲೋಮೀಟರಿಗೆ ತಿಂಗಳಿಗೆ ಎಷ್ಟು ಟನ್ ಧೂಳು ಬಿತ್ತು ಎಂಬುದು ಲೆಕ್ಕಕ್ಕೆ ಸಿಗುತ್ತದೆ.

2007ರ ಜೂನ್‌ಗೆ ಸಂಡೂರಿನ ಹೊರಗಿನ ನಾಲ್ಕನೇ ಜಾಗದಿಂದ, ಗಾಳೆಮ್ಮ ನೋಡಿಕೊಳ್ಳುತ್ತಿದ್ದ ಜಾಡಿಯಿಂದ, ಬಂದ ಅಂಕಿ ತೊಂಬತ್ತಾರು ಟನ್. ನಾನು ಕುಣಿದೆ. ಅದನ್ನು ಕರಪತ್ರಕ್ಕೆ ಹಾಕಿದೆ, ಸಂಡೂರಿನ ಇಪ್ಪತ್ತಾರು ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದೆ. ಮುಂದೆ ಹೊಸ ಗಣಿ ಗುತ್ತಿಗೆಯ ಸಾರ್ವಜನಿಕ ಅಹವಾಲು ಸಭೆ ನಿಗದಿಯಾಯಿತು. ಅದಕ್ಕೆ ಕೊಟ್ಟ ತಕರಾರು ಅರ್ಜಿಯ ಮೊದಲ ಸಾಲೇ ತೊಂಬತ್ತಾರು.

2009ರ ಬೇಸಿಗೆಯಲ್ಲಿ ಕೊಟ್ರಯ್ಯನ ವಿಭಾಗದ ಅಧ್ಯಾಪಕಿ ನೀರಜಾ ಮೇಡಂ ಇಡೀ ದತ್ತಾಂಶವನ್ನು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದರು. ಅದು ತೀರ್ಮಾನ ಹೇಳುವ ಲೇಖನ ಅಲ್ಲ. ಇಂಥ ಅಂಕಿಗಳಿವೆ, ಹೀಗೆ ಸಂಗ್ರಹಿಸಿದೆವು, ಬೇಕಾದವರು ಬಳಸಿಕೊಳ್ಳಿ ಎಂದು ವಿವರಿಸುವ ಲೇಖನ. ಎರಡು ತಿಂಗಳಿಗೆ ವಾಪಸ್ ಬಂತು. ಪರಿಶೀಲಕರು ಅಂಕಿಗಳನ್ನು ತಳ್ಳಿಹಾಕಿರಲಿಲ್ಲ, ಬರಹವನ್ನು ತಳ್ಳಿಹಾಕಿದ್ದರು. ‘ಮೂವತ್ತು ದಿನ ಇಡಲಾಯಿತು’ ಎಂದಿದ್ದೀರಿ, ಪ್ರತಿ ಜಾಡಿ ಇಟ್ಟ ದಿನ, ತೆಗೆದ ದಿನ ಎಲ್ಲಿ? ‘ಕೆಟ್ಟ ಮಾದರಿಗಳನ್ನು ಕೈಬಿಡಲಾಯಿತು’ ಎಂದಿದ್ದೀರಿ, ಎಷ್ಟು, ಯಾವ ನಿಯಮದ ಮೇಲೆ? ನಾಲ್ಕನೇ ಜಾಗದ ಜೂನ್ 2007ರ ಅಂಕಿ ಅಕ್ಕಪಕ್ಕದ ತಿಂಗಳುಗಳ ಇಮ್ಮಡಿ ಇದೆ, ಯಾಕೆ? ಎರಡು ತಿಂಗಳ ಗಡುವು.

ನೀರಜಾ ಮೇಡಂ ಕಾಗದಗಳನ್ನು ಕೊಟ್ರಯ್ಯನ ಮುಂದೆ ಇಟ್ಟರು. “ಕೊಟ್ರಯ್ಯನವರೇ, ಇದು ನಾನು ಬರೆಯೋ ಭಾಗ ಅಲ್ಲ. ಕೈಯಾರೆ ಮಾಡಿದವರು ನೀವು. ಕನ್ನಡದಲ್ಲಿ ಬರೀರಿ, ಇಂಗ್ಲಿಷಿಗೆ ನಾನು ತರ್ತೀನಿ.”

“ನನಗ ಬರಿಯಾಕ ಎಲ್ಲಿ ಬರ್ತೈತ್ರಿ ಮೇಡಂ. ಸ್ಟಾಕ್ ಬುಕ್ ಬಿಟ್ರ ಏನೂ ಬರದಾಂವಲ್ಲ ನಾನು.”

“ಹಂಗೇ ಬರೀರಿ. ಮುಖ ನೋಡಿರದ ಒಬ್ಬಳು ನಿಮ್ಮ ಬರಹ ಓದಿ, ಇದೇ ಜಾಡಿ ಇದೇ ರೀತಿ ಇಡೋಕಾಗಬೇಕು. ಅಷ್ಟೇ.”

ಕೊಟ್ರಯ್ಯ ಬರೆದ. ದಿನಾ ಬೆಳಿಗ್ಗೆ ತಕ್ಕಡಿಯ ಮೇಲೆ ಗೊತ್ತಿರುವ ತೂಕದ ಬಟ್ಟು ಇಟ್ಟು ನೋಡುತ್ತಿದ್ದದ್ದನ್ನು ಬರೆದ. ಮುಚ್ಚಳ ಬಿಗಿದ ಒಂದು ಜಾಡಿಯನ್ನೂ ಮಾಳಿಗೆಯ ಮೇಲಿಟ್ಟು, ಅದರಲ್ಲಿ ಬರೀ ನಮ್ಮ ಕೈಯ ಕೊಳೆ, ಮೈಲುತುತ್ತ ಎಷ್ಟು ಬರುತ್ತದೆಂದು ತೂಗಿ ಕಳೆಯುತ್ತಿದ್ದದ್ದನ್ನು ಬರೆದ. ಹಕ್ಕಿ ಹಿಕ್ಕೆ ಬಿದ್ದ ಹನ್ನೊಂದು ಮಾದರಿಗಳನ್ನು ಮೇಡಂ ಪಟ್ಟಿಯಿಂದ ಅಳಿಸಿದ್ದರು. ಅವನ್ನು ಮತ್ತೆ ಸೇರಿಸಿ ಎದುರಿಗೆ ಗುರುತು ಹಾಕಿದ. ಬೇಡವಾದವರು ಬಿಡಲಿ, ಬೇಕಾದವರು ಇಟ್ಟುಕೊಳ್ಳಲಿ. ಬಾಯಿಮಾತಿನಲ್ಲೇ ಉಳಿದಿದ್ದ ಒಂದು ನಿಯಮವೂ ಕಾಗದಕ್ಕೆ ಬಂತು: ಮಳೆಗಾಲದಲ್ಲಿ ಜಾಡಿ ತುಂಬಿದರೆ ಎರಡು ಬಾಟಲಿಗೆ ಸುರಿಯುವುದು, ಎರಡಕ್ಕೂ ಒಂದೇ ಹೆಸರಿನ ಚೀಟಿ ಅಂಟಿಸುವುದು, ಲ್ಯಾಬಿನಲ್ಲಿ ಕೂಡಿಸುವುದು.

ಅದನ್ನು ಬರೆದ ಮೇಲೆ ಒಂದು ಪರೀಕ್ಷೆ ಮಾಡಿದ. ತುಂಬಿ ಬಂದದ್ದರಿಂದ ಜೋಡಿಯಾದ ಬಾಟಲಿಗಳನ್ನು ಒಂದೆಂದು ಹಿಡಿದು ತನ್ನ ಆವಕ ಪುಸ್ತಕ ಎಣಿಸಿದ. ಎಂಟು ಜಾಗ, ಮೂವತ್ತಾರು ತಿಂಗಳು, ಇನ್ನೂರ ಎಂಬತ್ತೆಂಟು ಆಗಬೇಕು. ಆಯಿತು. ಆಮೇಲೆ ಯಾವ ಬಾಟಲಿ ಎಷ್ಟು ತುಂಬಿ ಬಂದಿತ್ತೆಂದು ಪುಸ್ತಕದಲ್ಲಿ ಜೋಡಿಗಳನ್ನು ಒಂದೊಂದಾಗಿ ನೋಡಿದ. ಉಳಿದ ಎಲ್ಲ ಜೋಡಿಗಳೂ ತುಂಬಿದ ಬಾಟಲಿಗಳು. ಗಾಳೆಮ್ಮನ ಜೂನ್ 2007ರ ಜೋಡಿ ಮಾತ್ರ ಎರಡೂ ಅರ್ಧರ್ಧ. ತುಂಬದ ಜಾಡಿಗೆ ಎರಡು ಬಾಟಲಿ ಯಾಕೆ?

ಮರುದಿನ ಸಂಡೂರು ಬಸ್ ಹತ್ತಿದ.

ಗಾಳೆಮ್ಮ ದೋಣಿಮಲೈ ಕಡೆಗೆ ತಿರುಗುವ ರಸ್ತೆಯ ಬದಿಗೆ ಚಹಾ ಮಾರುತ್ತಿದ್ದಳು. ಜಾಡಿ ಇದ್ದದ್ದು ರಸ್ತೆಯಾಚೆಯ ಶಾಲೆಯ ಮಾಳಿಗೆ ಮೇಲೆ. ಓದು ಬರದು, ಮಾಸದ ಹೆಸರು ಹಾಕಿ ಚೀಟಿ ಬರೆದುಕೊಡುತ್ತಿದ್ದವನು ಪಂಕ್ಚರ್ ಅಂಗಡಿಯ ಹೊನ್ನೂರಸ್ವಾಮಿ.

“ಬೇ, ನೀನು ಒಂದನೇ ತಾರೀಖಿಗೆ ಜಾಡಿ ತಗೀತಿದ್ದಿಲ್ಲ?” ಎಂದು ಕೊಟ್ರಯ್ಯ ಕೇಳಿದ.

“ಒಂದನೇ ತಾರೀಖು ಪಗಾರ ಬರೋರಿಗಪ್ಪ. ನಾನು ಅಮಾಸಿಗೆ ತಗೀತಿದ್ದೆ. ಅಮಾಸಿ ದಿನ ಲಾರಿಯೋರು ಗಾಡಿಗೆ ಪೂಜಿ ಮಾಡ್ತಾರ, ಕಾಯಿ ಒಡಿತಾರ, ಮಧ್ಯಾಹ್ನದ ತನಕ ಹೊಂಡಂಗಿಲ್ಲ. ಅವತ್ತೊಂದು ದಿನ ರಸ್ತೆ ದಾಟಿದ್ರ ಜೀವ ಉಳಿತೈತಿ. ಬ್ಯಾರೆ ದಿನ ದಾಟಿ ತೋರ್ಸು ನೀನು.”

“ಹೋದ ಹಿಂದಿನ ವರ್ಷ ಜ್ಯೇಷ್ಠಕ್ಕ ಎರಡು ಬಾಟ್ಲಿ ಕಳಿಸಿದ್ದಿ.”

“ಎರಡು ಜ್ಯೇಷ್ಠ ಬಂದಿದ್ವು, ಎರಡು ಕಳಿಸಿದೆ. ಅಧಿಕ ಮಾಸದ್ದೊಂದು, ನಿಜದ್ದೊಂದು. ನೀವು ರಜಾ ಅಂತ ಕಾಲೇಜು ಮುಚ್ಚಿದ್ರಿ, ಎರಡೂ ಕೂಡೇ ಕೊಟ್ಟು ಕಳಿಸಿದೆ. ಅಧಿಕ ಅಂತ ಬರಿಯಪ್ಪ ಅಂದ್ರ ಹೊನ್ನೂರಸ್ವಾಮಿ ಚೀಟ್ಯಾಗ ಜಾಗ ಇಲ್ಲ ಅಂದ.” ಲೋಟ ತೊಳೆಯುತ್ತ ಅಂದಳು, “ಆ ತಿಂಗಳು ಅಳಿಯಗ ಮೂವತ್ತಮೂರು ಕಜ್ಜಾಯ ಕೊಟ್ಟೀನಿ. ಅಧಿಕ ಮಾಸ ಬಂದದ್ದು ಅಳಿಯಗ ಗೊತ್ತಾಗೈತಿ, ನಿಮ್ಮ ಕಾಲೇಜಿಗೆ ಗೊತ್ತಾಗಿಲ್ಲ.”

ಎರಡು ತಿಂಗಳ ಧೂಳನ್ನು ಒಂದು ತಿಂಗಳದ್ದೆಂದು ಕೂಡಿಸಿದ್ದು ಅವನ ಕೈ.

ಸಾಕ್ಷಿ ಬೇಕಿತ್ತು. ಸಾಕ್ಷಿ ಗಾಳೆಮ್ಮನ ಗೋಡೆಯಲ್ಲೇ ಇತ್ತು. ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್‌ಗಳು ಒಂದೇ ಮೊಳೆಗೆ, ಒಂದರ ಮೇಲೊಂದು. ಜಾಡಿ ತೆಗೆದ ದಿನ ಗಾಳೆಮ್ಮ ಅರಿಶಿನದ ಬೊಟ್ಟು ಇಟ್ಟಿದ್ದಳು. 2007ರ ಮೇ 16, ಜೂನ್ 15, ಜುಲೈ 14. ಬೊಟ್ಟುಗಳೆಲ್ಲ ಅಮಾವಾಸ್ಯೆಯ ಕಪ್ಪು ಚುಕ್ಕೆಯ ಮೇಲಿದ್ದವು, ಒಂದನ್ನು ಬಿಟ್ಟು. 2006ರ ದೀಪಾವಳಿಯದು ಎರಡು ದಿನ ತಡವಾಗಿತ್ತು.

“ಕಂಪ್ಲಿಗೆ ತವರಿಗೆ ಹೋಗಿದ್ದೆ,” ಅಂದಳು.

ಆ ತಪ್ಪಿದ ಬೊಟ್ಟು ನೋಡಿಯೇ ಕೊಟ್ರಯ್ಯನಿಗೆ ಉಳಿದವುಗಳ ಮೇಲೆ ನಂಬಿಕೆ ಬಂತು. ಸುಳ್ಳು ಬೊಟ್ಟು ಇಡುವವಳು ಎಲ್ಲವನ್ನೂ ಅಮಾವಾಸ್ಯೆಯ ಮೇಲೇ ಇಡುತ್ತಿದ್ದಳು.

ಎರಡು ಬಾಟಲಿಗಳನ್ನು ಕೂಡಿಸುವ ಮುಂಚಿನ ತೂಕ ಅವನ ಪುಸ್ತಕದಲ್ಲಿ ಬೇರೆಬೇರೆಯಾಗೇ ಇತ್ತು. ಒಂದರ ಲೆಕ್ಕ ಐವತ್ತಮೂರು ಚಿಲ್ಲರೆ, ಇನ್ನೊಂದರದು ನಲವತ್ತಮೂರು ಹತ್ತಿರ. ತೊಂಬತ್ತಾರು ಎಂಬ ತಿಂಗಳೇ ಇರಲಿಲ್ಲ.

ಅವತ್ತು ಸಂಜೆ ನಮ್ಮ ಸಂಘದ ಕೋಣೆಗೆ ಬಂದ. ನಿಂತೇ ಹೇಳಿದ. ನಾನು ಬೈದದ್ದನ್ನೆಲ್ಲ ಇಲ್ಲಿ ಬರೆಯಲಾರೆ.

“ಲೇ ಕೊಟ್ರ, ಅಹವಾಲಿಗೆ ಮೂರು ತಿಂಗಳೈತಿ. ಗಣಿಯವರ ವಕೀಲನ ಕೈಗೆ ಬಡಿಗಿ ಕೊಡ್ತೀ ಏನು?”

“ತಪ್ಪು ಆಗೈತ್ರಿ ತೋಟಪ್ಪಣ್ಣ.”

“ಆಗಿದ್ರ ಆ ಸಾಲು ತಗದು ಒಗಿ. ಯಾರಿಗೆ ಗೊತ್ತಾಗತೈತಿ?”

“ಮಾದರಿ ಯಾಕ ಕೈಬಿಟ್ರಿ ಅಂತಾನ ಕೇಳ್ಯಾರ ಪತ್ರಿಕಿಯೋರು. ಈಗಾಗಲೇ ಒಮ್ಮಿ ನೋಡ್ಯಾರ. ತಗದ್ರ ಉಳದ ಇನ್ನೂರ ಎಂಬತ್ತೇಳೂ ಹೋದಂಗ.”

“ಹಂಗಾದ್ರ ಲೇಖನ ಅಹವಾಲಿನ ಮ್ಯಾಲೆ ಕಳಿಸ್ರಿ.”

“ಗಡುವು ಈ ತಿಂಗಳ ಕೊನಿಗೆ. ದಾಟಿದ್ರ ಮುಗೀತು.” ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. “ಬರದ್ರ ನೀವು ಬಿಡಂಗಿಲ್ಲ. ಬರೀಲಿಲ್ಲಂದ್ರ ಮೂರು ವರ್ಷದ ಧೂಳು ಮೋರಿಗೆ ಸುರದಂಗ. ನಾನು ಎಲ್ಲಿ ಹೋಗ್ಲಿ ಹೇಳ್ರಿ.”

“ಎಲ್ಲಾರ ಹೋಗು” ಅಂದೆ. ಆಮೇಲೆ ನಾವು ಅವನ ಜೊತೆ ಮಾತು ಬಿಟ್ಟೆವು. ಕಾಲೇಜಿನಲ್ಲೂ ಅವನ ಪಾಡು ನೆಟ್ಟಗಿರಲಿಲ್ಲ. ಆಡಳಿತ ಮಂಡಳಿಯಲ್ಲಿ ಲಾರಿ ಇದ್ದವರಿದ್ದರು; ಧೂಳು ತೂಗುವುದು ಕಾಲೇಜಿನ ಕೆಲಸವೇ ಎಂದು ಕೇಳಿ ಒಂದು ನೋಟಿಸು ಬಂತು. ಒಂದು ಕಡೆಯವರಿಗೆ ಅವನು ಧೂಳು ತೂಗಿದ್ದೇ ತಪ್ಪು, ಇನ್ನೊಂದು ಕಡೆಯವರಿಗೆ ಸರಿಯಾಗಿ ತೂಗಿದ್ದು ತಪ್ಪು.

ಅವನು ಬರೆದ. ನಾಲ್ಕನೇ ಜಾಗದಲ್ಲಿ ಜಾಡಿ ಬದಲಾಯಿಸಿದ್ದು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಅದರಿಂದ ಅಲ್ಲಿ ಮೂವತ್ತಾರಲ್ಲ, ಮೂವತ್ತೇಳು ಮಾದರಿ. ಒಟ್ಟು ಇನ್ನೂರ ಎಂಬತ್ತೊಂಬತ್ತು. ಚೀಟಿಯ ಮಾಸದ ಹೆಸರನ್ನು ಇಂಗ್ಲಿಷ್ ತಿಂಗಳಾಗಿ ಬರೆದುಕೊಂಡದ್ದು ತಪ್ಪು. ದಿನಾಂಕಗಳು ಗೋಡೆಯ ಕ್ಯಾಲೆಂಡರಿನ ಗುರುತುಗಳಿಂದ ಬಂದವು, ಪಂಚಾಂಗದ ಜೊತೆ ಹೋಲಿಸಿ ನೋಡಿದೆ, ಒಂದು ಮಾತ್ರ ಎರಡು ದಿನ ತಡ. ಇಪ್ಪತ್ತೊಂಬತ್ತು ದಿನದ್ದಿರಲಿ, ಮೂವತ್ತೊಂದು ದಿನದ್ದಿರಲಿ, ಪ್ರತಿ ಅಂಕಿಯನ್ನೂ ಇಟ್ಟ ದಿನಗಳಿಂದ ಭಾಗಿಸಿ ಮೂವತ್ತು ದಿನಕ್ಕೆ ಹೊಂದಿಸಿದೆ. ಕೊನೆಗೆ: ‘ಹಿಂದೆ ಹಂಚಿದ ತೊಂಬತ್ತಾರು ಎಂಬ ಅಂಕಿ ಎರಡು ಮಾದರಿಗಳ ಮೊತ್ತ. ಅದನ್ನು ಬಳಸಬಾರದು. ಕೂಡಿಸಿದವನು ಕೊಟ್ರಯ್ಯ.’

ಕೊನೆಯ ಮಾತನ್ನು ನೀರಜಾ ಮೇಡಂ ಹೊಡೆದುಹಾಕಿದರು. “ಹೆಸರು ಬ್ಯಾಡ ಕೊಟ್ರಯ್ಯನವರೇ. ತಪ್ಪು ಹೆಂಗಾಯ್ತು ಅನ್ನೋದು ಬೇಕು, ಯಾರದು ಅನ್ನೋದು ಬೇಕಿಲ್ಲ.” ಹೆಸರನ್ನು ಮೇಲೆ, ಲೇಖಕರ ಸಾಲಿನಲ್ಲಿ, ತಮ್ಮ ಹೆಸರಿನ ಪಕ್ಕಕ್ಕೆ ಹಾಕಿದರು.

ಜನವರಿಯಲ್ಲಿ ಅಹವಾಲು. ಅಷ್ಟರಲ್ಲಿ ಲೇಖನ ಪತ್ರಿಕೆಯ ಜಾಲತಾಣದಲ್ಲಿ ಬಂದಿತ್ತು. ನಾನು ಅರ್ಜಿ ತಿದ್ದಿರಲಿಲ್ಲ. ಯಾರು ಓದುತ್ತಾರೆ ಅಂದುಕೊಂಡಿದ್ದೆ. ವಕೀಲ ಓದಿದ್ದ. ಶಾಮಿಯಾನದ ಕೆಳಗೆ ಮುನ್ನೂರು ಜನರೆದುರು ನನ್ನ ಅರ್ಜಿಯ ಮೊದಲ ಸಾಲು ಓದಿದ, ಆಮೇಲೆ ಕೊಟ್ರಯ್ಯನ ಸಾಲು ಓದಿದ. ಜನ ನಕ್ಕರು, ನಮ್ಮವರೂ ಕೆಲವರು.

ಅಧಿಕಾರಿ ಕೊಟ್ರಯ್ಯನನ್ನು ಎಬ್ಬಿಸಿ ಕೇಳಿದರು, “ಇದು ನೀವೇ ಬರೆದದ್ದಾ?”

“ಹೌದ್ರಿ.”

“ಒಂದು ಸುಳ್ಳಾದರೆ ಉಳಿದವನ್ನು ಹೇಗೆ ನಂಬೋದು ಅಂತಾರೆ ಇವರು.”

“ನಂಬಬ್ಯಾಡ್ರಿ. ಯಾವುದು ಬೇಕಾದ್ರೂ ಬೊಟ್ಟು ಇಟ್ಟು ತೋರಸ್ರಿ, ಯಾವತ್ತು ಇಟ್ವಿ, ಯಾವತ್ತು ತಗದ್ವಿ, ಯಾರು ತಗದ್ರು, ತಕ್ಕಡಿ ಅವತ್ತು ಏನು ಹೇಳ್ತು, ಅಲ್ಲೇ ಬರದೈತಿ. ತಪ್ಪು ಕೂಡ ಅದರಾಗ ಬರದಿಟ್ಟಿದ್ದಕ್ಕ ಅಲ್ಲೇನ್ರಿ ಅವರಿಗೆ ಸಿಕ್ಕಿದ್ದು.”

ವಕೀಲ ಬೊಟ್ಟು ಇಡಲಿಲ್ಲ. ಆದರೂ ಗುತ್ತಿಗೆ ಸಿಕ್ಕಿತು. ಐವತ್ತಮೂರೇ ಆಗಿರಲಿ, ತೊಂಬತ್ತಾರೇ ಆಗಿರಲಿ, ಕೊಡುವವರು ಕೊಡುತ್ತಿದ್ದರು. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಒಂದು ಅಂಕಿಗಾಗಿ ಅವನನ್ನು ಮೂರು ತಿಂಗಳು ಒಂಟಿ ಮಾಡಿದ್ದೆ.

ಮಳೆಗಾಲದ ಹೊತ್ತಿಗೆ ಧಾರವಾಡದಿಂದ ಯಾರೋ ಪೈರಿನ ಎಲೆಗಳ ಮೇಲಿನ ಧೂಳಿನ ಕೆಲಸಕ್ಕೆ ಕೊಟ್ರಯ್ಯನ ಪಟ್ಟಿ ಬಳಸಿದರೆಂದು ಸುದ್ದಿ ಬಂತು. ಅವರು ಒಂದು ಪ್ರಶ್ನೆಯನ್ನೂ ಕೇಳಿ ಬರೆದಿರಲಿಲ್ಲ. ಕೊಟ್ರಯ್ಯನಿಗೆ ಬೇಜಾರಾಯಿತಂತೆ. “ಕೇಳಲಿಲ್ಲ ಅಂದ್ರೆ ಬರೆದದ್ದು ಸರಿ ಇದೆ ಅಂತ,” ಎಂದು ಮೇಡಂ ತಿಳಿಸಿ ಹೇಳಬೇಕಾಯಿತು. ನೋಟಿಸು ಮಾತ್ರ ಹಾಗೇ ಇತ್ತು. ಅವನನ್ನು ಲ್ಯಾಬಿನಿಂದ ತೆಗೆದು ಕ್ರೀಡಾ ಸಾಮಾನಿನ ಕೋಣೆಗೆ ಹಾಕಿದ್ದರು.

ಆ ಕೋಣೆಗೇ ಹೋದೆ. ತೊಂಬತ್ತಾರು ಬರೆಸಿದ್ದ ಗೋಡೆಗಳಿಗೆ ಸುಣ್ಣ ಹೊಡೆಸಿ ಬಂದಿದ್ದೆ.

“ಏನು ಬರಸ್ಲಿ ಹೇಳು. ಎಲ್ಲಕ್ಕಿಂತ ಹೆಚ್ಚಿಂದು ಯಾವುದು ಈಗ?”

ತಲೆ ಎತ್ತದೆ ವಾಲಿಬಾಲಿಗೆ ಗಾಳಿ ತುಂಬುತ್ತಿದ್ದ. “ಅರವತ್ತೊಂದು. ಗಾಳೆಮ್ಮನ ಜಾಡಿ. ಎರಡು ಸಾವಿರದ ಎಂಟು, ಫೆಬ್ರವರಿ ಏಳರಿಂದ ಮಾರ್ಚ್ ಏಳು. ಇಪ್ಪತ್ತೊಂಬತ್ತು ದಿನದ್ದನ್ನ ಮೂವತ್ತಕ್ಕ ಏರಿಸಿದ್ದು. ಹಂಗಂತ ಬರಸ್ರಿ.”

“ಅಷ್ಟೆಲ್ಲಾ ಗೋಡಿ ಮ್ಯಾಲೆ ಹಿಡಿಯಂಗಿಲ್ಲ ಲೇ.”

“ಹೊನ್ನೂರಸ್ವಾಮಿನೂ ಹಂಗ ಅಂದಿದ್ದ ನೋಡ್ರಿ,” ಅಂದ. “ಸಣ್ಣ ಅಕ್ಷರದಾಗ ಬರಸ್ರಿ.”