ಮುಲಾಮಿನವನು ಗೇಟಿನ ಆಚೆ

ನನ್ನ ಹೆಂಡತಿಯ ಮೂಗು ಸರ್ಕಾರದ ಕೆಲಸ ಮಾಡುತ್ತಿತ್ತು.

ಅವಳು ನಮ್ಮ ಶೆಟ್ಟಿಕೆರೆ ಕಡೆ ಆಶಾ ಕಾರ್ಯಕರ್ತೆಯಾಗಿದ್ದಳು. ಊರಿನವರು ಅವಳನ್ನು ಕೆಲಸದ ಹೆಸರಿನಿಂದಲೇ ಆಶಕ್ಕ ಎನ್ನುತ್ತಿದ್ದರು. ಮಗು ಹುಟ್ಟಿದ ಮನೆಗೆ ಮೊದಲ ಆರು ವಾರಗಳಲ್ಲಿ ಹಲವು ಸಲ ಹೋಗಬೇಕು. ತೂಕ ನೋಡಬೇಕು, ಮೈ ಬೆಚ್ಚಗಿದೆಯೇ ನೋಡಬೇಕು, ತಾಯಿ ಹಾಲು ಕುಡಿಸುವ ರೀತಿ ನೋಡಬೇಕು. ಇಷ್ಟನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮೂಸಿ ನೋಡುವುದನ್ನು ಅವಳೇ ಸೇರಿಸಿಕೊಂಡಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವಳ ಮೂಗು ಒಮ್ಮೆ ಅರಳುತ್ತಿತ್ತು.

"ಬಾಮು ಹಚ್ಚಿದ್ದೀರಾ ಮಗೀಗೆ?"

"ಇಲ್ಲ ಕಣಕ್ಕ."

"ಡಬ್ಬಿ ಎಲ್ಲೈತೆ?"

ಅಷ್ಟು ಹೊತ್ತಿಗೆ ಡಬ್ಬಿ ತಾನಾಗಿ ಹೊರಗೆ ಬಂದಿರುತ್ತಿತ್ತು. ನೆಗಡಿಗೆ ಹಚ್ಚುವ ಮುಲಾಮು, ಅದೇ ಕರ್ಪೂರ, ಮೆಂಥಾಲ್ ಹಾಕಿದ್ದು, ನಮ್ಮ ಕಡೆ ಇಲ್ಲದ ಮನೆಯಿಲ್ಲ. ಎಳೆ ಮಕ್ಕಳ ಮೂಗಿನ ಹತ್ತಿರ ಅದು ಸುಳಿಯಬಾರದು ಎಂದು ಅವಳು ಹೇಳಿ ಹೇಳಿ ಸಾಕಾಗಿದ್ದಳು. ಹೇಳಿದ್ದಕ್ಕೆ ಎಲ್ಲರೂ ತಲೆಯಾಡಿಸುತ್ತಿದ್ದರು. ಅವಳು ಆಚೆ ಹೋದ ಮೇಲೆ ಹಚ್ಚುತ್ತಿದ್ದರು.

ಇದರಲ್ಲಿ ನನ್ನ ಪಾತ್ರ ಚಿಕ್ಕದು. ಅವಳನ್ನು ಮೊಪೆಡ್ಡಿನಲ್ಲಿ ಕರೆದುಕೊಂಡು ಹೋಗುವುದು. ಉಳಿದ ಹೊತ್ತಿನಲ್ಲಿ ನಾನು ಕಾಯಿ ಸುಲಿಯುವವನು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಭುಜದ ಬಲ ಹಾಕಿ ತಿರುಚಬೇಕು. ದಿನಕ್ಕೆ ನೂರಾರು ಸಲ ಹೀಗೆ ಮಾಡಿದ ಬಲಭುಜ ಸಂಜೆಗೆ ನನ್ನದಲ್ಲ ಅನ್ನಿಸುತ್ತಿತ್ತು. ಹಾಗಾಗಿ ನಾನೂ ಮುಲಾಮಿನ ಭಕ್ತ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಭುಜಕ್ಕೆ, ಕತ್ತಿಗೆ. ಉಳಿದರೆ ಹಣೆಗೆ. ಊರಿನ ಮಕ್ಕಳ ಮೂಗು ಕಾಯುವವಳು ಹಿಂದಿನ ಸೀಟಿನಲ್ಲಿ, ಘಮಘಮಿಸುವ ನಾನು ಮುಂದೆ. ಇದು ತಮಾಷೆ ಎಂದು ಇಬ್ಬರಿಗೂ ಬಹಳ ದಿನ ಹೊಳೆದಿರಲಿಲ್ಲ.

ಹೊಳೆಸಿದವಳು ನಮ್ಮ ಪಕ್ಕದ ಬೀದಿಯ ಒಬ್ಬ ಅಜ್ಜಿ. ಅವಳ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು, ಹದಿನಾಲ್ಕು ದಿನದ್ದು. ಅವತ್ತು ನಾನು ಗೇಟಿನ ಹತ್ತಿರ ಮೊಪೆಡ್ ನಿಲ್ಲಿಸಿ, ನೀರು ಕೇಳುವ ನೆಪದಲ್ಲಿ ಜಗಲಿಯವರೆಗೆ ಹೋದೆ. ಮಗುವಿನ ಮೂಗು ಕಟ್ಟಿತ್ತು. ಹಾಲು ಕುಡಿಯುವಾಗ ಗೊರಗೊರ ಎನ್ನುವುದು ಜಗಲಿಗೂ ಕೇಳುತ್ತಿತ್ತು.

ನನ್ನ ಹೆಂಡತಿ ಮಗುವಿನ ಟೋಪಿಯ ಹತ್ತಿರ ಬಾಗಿದಳು. ಮೂಗು ಅರಳಿತು.

"ಅವ್ವಾ, ಬಾಮು ಹಚ್ಚಿದ್ದೀರಿ."

"ಅಯ್ಯೋ ನನ್ ಮಗಳೇ, ನಾನ್ಯಾಕೆ ಹಚ್ಚಲಿ? ಅಗೋ, ಜಗಲೀಲಿ ನಿಂತವ್ರಲ್ಲ, ನಿಮ್ಮ ಯಜಮಾನ್ರು! ಅವ್ರು ಬೀದಿ ತುದೀಲಿ ತಿರುಗ್ದಾಗ್ಲೇ ನಮಗೆ ಆಶಕ್ಕ ಬಂದ್ರು ಅಂತ ಗೊತ್ತಾಯ್ತದೆ."

ನಾನು ಲೋಟ ಹಿಡಿದುಕೊಂಡು ಕಳ್ಳನ ಹಾಗೆ ನಿಂತೆ. ನನ್ನ ಹೆಂಡತಿ ನನ್ನ ಕಡೆ ನೋಡಿದಳು, ಮಗುವಿನ ಕಡೆ ನೋಡಿದಳು. ಅಜ್ಜಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನಿರುವ ಕಡೆ ಆ ವಾಸನೆ ಯಾರದು ಎಂದು ಹೇಳುವುದು ಹೇಗೆ?

"ಆಯ್ತು. ಡಬ್ಬಿ ಕೊಡಿ ಇಲ್ಲಿ."

ಅಜ್ಜಿ ಗೊಣಗದೆ ತಂದುಕೊಟ್ಟಳು. ಅಷ್ಟು ಸಲೀಸಾಗಿ ಕೊಟ್ಟಾಗಲೇ ನಮಗೆ ಅನುಮಾನ ಬರಬೇಕಿತ್ತು. ನನ್ನ ಹೆಂಡತಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಮೂಗಿನ ಹನಿಯನ್ನು ಹಾಲು ಕುಡಿಸುವ ಮುಂಚೆ ಹಾಕಿ, ಮಗುವನ್ನು ಹೆಗಲಿಗೆ ನೆಟ್ಟಗೆ ಎತ್ತಿಕೊಳ್ಳಿ, ಬೇರೆ ಏನೂ ಬೇಡ ಎಂದು ತಾಯಿಗೆ ಹೇಳಿ ಹೊರಟಳು.

ಬೀದಿ ತಿರುಗುವಲ್ಲಿ ಅವಳು ನನ್ನ ಬೆನ್ನಿಗೆ ತಟ್ಟಿದಳು. "ರೀ, ನಿಲ್ಸಿ."

ನಿಲ್ಲಿಸಿದೆ. ಅವಳು ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದಳು. ಒಳಗೆ ಏನೂ ಇರಲಿಲ್ಲ. ಬೆರಳಿನಲ್ಲಿ ಬಳಿದು ಬಳಿದು ಕನ್ನಡಿಯ ಹಾಗೆ ಮಾಡಿಟ್ಟಿದ್ದರು.

"ಇದು ಖಾಲಿ ಕಣ್ರೀ. ಅಲ್ದೆ ನಿಮ್ಮ ವಾಸ್ನೆ ನಿಮ್ಮ ಹತ್ರ ಇರಲಿ, ಮಗೀನ ಟೋಪೀಲಿ ಯಾಕಿತ್ತು? ನೀವೇನು ಮಗೀನ ಟೋಪಿ ಹಾಕ್ಕೊಂಡಿದ್ರಾ?"

"ನನ್ನ ತಲೆಗೆ ಅದು ಎಲ್ಲಿ ಸಾಲ್ತದೆ?"

"ಇಲ್ಲೇ ನಿಂತಿರಿ. ಒಂದು ಹೆಜ್ಜೆ ಮುಂದೆ ಬರಬ್ಯಾಡಿ. ನಾನೊಬ್ಳೇ ಹೋಗಿ ಬತ್ತೀನಿ."

ಗಾಳಿಗೆ ಎದುರಾಗಿ ನಡೆದಳು. ನಾನು ನಗುತ್ತಾ ನಿಂತೆ. ನಗು ಮುಗಿಯುವ ಮುಂಚೆ ಆ ಮನೆಯಿಂದ ಬಾಣಂತಿ ಕಿರುಚಿದ್ದು ಕೇಳಿಸಿತು.

ಓಡಿದೆ. ಗೇಟು, ಜಗಲಿ ಯಾವುದೂ ನೆನಪಿಲ್ಲ. ಒಳಗೆ ನನ್ನ ಹೆಂಡತಿಯ ಕೈಯಲ್ಲಿ ಮಗುವಿತ್ತು. ಬಾಯಿ ತೆರೆದಿತ್ತು, ಅಳು ಬರುತ್ತಿರಲಿಲ್ಲ. ತುಟಿಯ ಸುತ್ತ ಬಣ್ಣ ನೇರಳೆಗೆ ತಿರುಗಿತ್ತು. ಅವಳು ಒದ್ದೆ ಬಟ್ಟೆಯಿಂದ ಮಗುವಿನ ಮೂಗಿನ ಕೆಳಗೆ ಒರೆಸುತ್ತಿದ್ದಳು, ಮತ್ತೆ ಬೆನ್ನು ಉಜ್ಜುತ್ತಿದ್ದಳು, ಅಂಗಾಲಿಗೆ ಬೆರಳಿನಿಂದ ಚಿಮ್ಮುತ್ತಿದ್ದಳು. "ಅಳು ಕಂದ, ಅಳು, ಬೈಕೊಂಡು ಅಳು" ಎನ್ನುತ್ತಿದ್ದಳು. ನನ್ನನ್ನು ನೋಡದೆಯೇ "ಆಂಬುಲೆನ್ಸಿಗೆ ಫೋನ್ ಮಾಡ್ರೀ" ಎಂದಳು. ನಾನು ಗುಂಡಿ ಒತ್ತುತ್ತಿರುವಾಗ ಮಗು ಒಂದು ಸಲ ಉಸಿರೆಳೆದುಕೊಂಡು, ಆಮೇಲೆ ಅತ್ತಿತು. ಅಷ್ಟು ಒಳ್ಳೆಯ ಅಳುವನ್ನು ನಾನು ಆಮೇಲೆ ಕೇಳಿಲ್ಲ.

ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಪಕ್ಕ ಒಂದು ತೆಂಗಿನ ಚಿಪ್ಪು. ಅದರ ತಳದಲ್ಲಿ ಡಬ್ಬಿಯ ಮುಲಾಮು ಪೂರ್ತಿ ಇತ್ತು. ನಾವು ಹೋದೆವೆಂದುಕೊಂಡು, ಬೆರಳು ಅದ್ದಿ, ಮಗುವಿನ ಎರಡು ಹೊಳ್ಳೆಗೂ ಸವರಿದ್ದಳು.

ಮಗುವನ್ನು ತಿಪಟೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾವು ಹಿಂದೆಯೇ ಮೊಪೆಡ್ಡಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಒಂದು ದಿನ ಇಟ್ಟುಕೊಂಡು ನೋಡುತ್ತೇವೆ, ಈಗ ಉಸಿರು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ ಮೇಲೆಯೇ ಅವಳು ಬೆಂಚಿನ ಮೇಲೆ ಕೂತದ್ದು. ನಾನು ಕೂರಲು ಹೋದೆ. "ಅತ್ಲಾಗಿ ಕೂತ್ಕಳಿ" ಎಂದಳು. ಮಾತು ಬಂತಲ್ಲ ಎಂದು ಸಮಾಧಾನವಾಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಜ್ಜಿಗೆ ಅವರ ಮೇಲೆ ನಂಬಿಕೆ ಬರಲಿಲ್ಲ.

"ನಾನು ಹಚ್ಕೊಂಡ್ರೆ ಮೂಗು ಬುಟ್ಕೊಂತದೆ ಕಣವ್ವಾ. ಮಗೀಗೆ ಯಾಕೆ ಬುಡಲ್ಲ?"

"ನಿಮಗೂ ಬಿಡಲ್ಲ ಅಜ್ಜಿ. ಮೆಂಥಾಲ್‌ನಿಂದ ತಣ್ಣಗಾಗುತ್ತೆ, ಗಾಳಿ ಸರಾಗ ಹೋದ ಹಾಗೆ ಅನ್ಸುತ್ತೆ. ಕಟ್ಟಿರೋದು ಕಟ್ಟೇ ಇರುತ್ತೆ."

"ಅಂಗಾರೆ ಇಷ್ಟು ವರ್ಷ ನಾನು ಸುಮ್ಕೆ ಹಚ್ಕೊಂಡೆನಾ?"

"ನೀವು ಹಚ್ಕೊಳ್ಳಿ, ನಿಮ್ಮಿಷ್ಟ. ಆದ್ರೆ ಇದರ ಮೂಗಿನ ದಾರಿ ಎಷ್ಟಿದೆ ನೋಡಿ, ಕಡ್ಡಿಯಷ್ಟು. ಆ ಘಾಟು ಅಲ್ಲಿ ತಗುಲಿದ್ರೆ ಗಂಟಲು ಬಿಗಿದುಕೊಳ್ಳುತ್ತೆ, ಉಸಿರೇ ನಿಂತುಹೋಗಬಹುದು. ಒಳಗೆ ಸಿಂಬಳನೂ ಜಾಸ್ತಿ ಆಗುತ್ತೆ. ಇನ್ನು ಕರ್ಪೂರ ಬಾಯಿಗೋ ಮೂಗಿನೊಳಗೋ ಹೋಗಿ ರಕ್ತಕ್ಕೆ ಸೇರಿದ್ರೆ ಫಿಟ್ಸ್ ಬರಬಹುದು. ಎರಡು ವರ್ಷ ತುಂಬೋವರೆಗೆ ಎಲ್ಲಿಗೂ ಹಚ್ಚಬೇಡಿ. ಆಮೇಲೂ ಮೂಗಿಗೆ ಬೇಡ."

ಅಜ್ಜಿ ಯೋಚಿಸಿದಳು. "ಬಾಮು ಬುಟ್ಟೆ. ಕೊಬ್ರಿ ಎಣ್ಣೆಗೆ ಕರ್ಪೂರ ಹಾಕಿ ಕಾಯ್ಸಿ ಎದೆಗೆ ಹಚ್ತೀನಿ."

"ಅದೂ ಅದೇ ಕರ್ಪೂರ ಅಜ್ಜಿ, ಬೇಡ."

"ಎಣ್ಣೆ ನಮ್ಮ ತೋಟದ್ದು!"

ಆಗ ನನ್ನ ಹೆಂಡತಿ ಬೆಂಚಿನಿಂದ ಎದ್ದು ಬಂದಳು. "ಎಣ್ಣೆ ನಿಮ್ಮ ತೋಟದ್ದು ಕಣವ್ವಾ. ಕರ್ಪೂರದ ಮರ ಯಾವ ಬದೀಲಿ ನೆಟ್ಟಿದ್ದೀರಿ?"

ಬಾಣಂತಿ ನಕ್ಕಳು, ನಕ್ಕವಳು ಅಳತೊಡಗಿದಳು. ಅಜ್ಜಿ ಸೆರಗಿನಿಂದ ತನ್ನ ಬೆರಳನ್ನು ಒರೆಸಿಕೊಂಡಳು. ಆಗಲೇ ಎರಡು ಸಲ ಸೋಪು ಹಾಕಿ ತೊಳೆದಿದ್ದ ಬೆರಳು. ನಾವು ವಾಪಸು ಹೊರಡುವವರೆಗೂ ಒರೆಸುತ್ತಲೇ ಇದ್ದಳು.

ಮನೆಗೆ ಬಂದ ಮೇಲೆ ನನ್ನ ವಿಚಾರಣೆ. "ನಿಮ್ಮ ವಾಸ್ನೆಯಿಂದ ಮಗೀಗೆ ಏನೂ ಆಗಿಲ್ಲ, ಅದು ನಂಗೊತ್ತು. ಆದ್ರೆ ನಿಮ್ಮ ವಾಸ್ನೆ ಇಲ್ದಿದ್ರೆ ನಾನು ಮೊದಲ್ನೇ ಸಲಕ್ಕೇ ಹಿಡೀತಿದ್ದೆ" ಎಂದಳು. ಭುಜದ ಮುಲಾಮು ಅವತ್ತೇ ಬಿಟ್ಟೆ. ಬಿಟ್ಟ ಮೇಲೂ ಒಂದು ವಾರ ಅವಳು ನಂಬಲಿಲ್ಲ. ನನ್ನನ್ನು ಗೇಟಿನ ಆಚೆಯೇ ನಿಲ್ಲಿಸಿ, ಹೊರಡುವ ಮುಂಚೆ ಕತ್ತು ಮೂಸುತ್ತಿದ್ದಳು. ಬೀದಿಯವರು ಬೇರೆ ಏನೋ ತಿಳಿದು ಮುಖ ತಿರುಗಿಸುತ್ತಿದ್ದರು.

ಮುಲಾಮಿನ ಬದಲು ಅವಳು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಭುಜಕ್ಕೆ ಶಾಖ ಕೊಡುತ್ತಿದ್ದಳು. "ಬಿಸಿ ಆಯ್ತಾ?" "ಆಯ್ತು." "ಜಾಸ್ತಿ ಆಯ್ತಾ?" "ಇಲ್ಲ." ನಾಲ್ಕು ವರ್ಷ ನಮ್ಮ ಸಂಜೆಗಳಲ್ಲಿ ಹೆಚ್ಚಾಗಿ ನಡೆದ ಮಾತು ಇದೇ. ಆಮೇಲೆ ಅವಳಿಗೆ ಕಾಯಿಲೆ ಬಂತು. ಮೂರು ತಿಂಗಳು ಇದ್ದಳು. ಹೋದ ಕಾರ್ತೀಕದಲ್ಲಿ ತೀರಿಕೊಂಡಳು.

ಅವಳ ಶಿವಗಣಾರಾಧನೆಯ ದಿನ ಮನೆ ತುಂಬ ಜನ. ಅವಳು ತೂಕ ನೋಡಿದ್ದ ಮಕ್ಕಳೇ ಒಂದು ಪಂಕ್ತಿಗೆ ಆಗುವಷ್ಟಿದ್ದರು. ಬೆಳಗಿನಿಂದ ಪಾತ್ರೆ ಎತ್ತಿ ಇಳಿಸಿ ನನ್ನ ಭುಜ ಸೋತಿತ್ತು. ನಾನು ಅದನ್ನು ಒತ್ತಿಕೊಳ್ಳುವುದನ್ನು ನೋಡಿ ನೆಂಟರೊಬ್ಬರು ಜೇಬಿನಿಂದ ಡಬ್ಬಿ ತೆಗೆದುಕೊಟ್ಟರು. ಮುಲಾಮು ಮುಟ್ಟಿ ನಾಲ್ಕು ವರ್ಷವಾಗಿತ್ತು. ಇನ್ನು ಯಾರು ಮೂಸಬೇಕು ಎಂದುಕೊಂಡು ಮುಚ್ಚಳ ತೆಗೆದು ಬೆರಳು ಹಾಕಿದೆ.

"ಏಯ್! ಯಾರದು ಬಾಮು ತೆಗ್ದಿರಾದು?"

ಅದೇ ಅಜ್ಜಿ. ಅವಳ ತೊಡೆಯ ಮೇಲೆ ಮಗಳ ಎರಡನೇ ಕೂಸು, ನಾಲ್ಕು ತಿಂಗಳದ್ದು. ಅದರ ಮುಖಕ್ಕೆ ಸೆರಗು ಅಡ್ಡ ಹಿಡಿದು, ಮೂಗು ಅರಳಿಸಿ, ನೂರು ಜನರಲ್ಲಿ ನನ್ನನ್ನು ಹುಡುಕಿ ಹಿಡಿದಳು.

"ನೀನೇನಪ್ಪಾ? ಎಳೆ ಕೂಸೈತೆ, ಕಣ್ಣು ಕಾಣಲ್ವಾ? ಆ ಕೈಯಾಗೆ ಯಾವ್ದಾದ್ರೂ ಮಗೀನ ಮುಖ ಮುಟ್ಟಿಬುಟ್ರೆ? ನಡಿ, ಗೇಟಿನಾಚಿಕೆ ನಡಿ!"

ನನ್ನದೇ ಮನೆ. ಆದರೂ ಎದ್ದು ಹೋದೆ. ಮೊಪೆಡ್ಡಿನ ಪಕ್ಕ ನಿಂತೆ. ಅಲ್ಲಿ ನಿಂತು ಕಾಯುವುದು ಕಾಲಿಗೆ ಅಭ್ಯಾಸವಾಗಿತ್ತು. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬರುವ ಹೊತ್ತಾಯಿತು ಎಂದು ಒಂದು ಗಳಿಗೆ ಅನ್ನಿಸಿಯೇಬಿಟ್ಟಿತು.

ಬಂದದ್ದು ದೊಡ್ಡ ಹುಡುಗಿ, ಅವತ್ತು ಹದಿನಾಲ್ಕು ದಿನದ್ದಾಗಿದ್ದವಳು. ಈಗ ನಾಲ್ಕು ವರ್ಷ.

"ಕೈ ತೊಳ್ಕೊಂಡು ಊಟಕ್ಕೆ ಬರಬೇಕಂತೆ. ಅಜ್ಜಿ ಹೇಳೈತೆ."

ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ತೊಳೆದುಕೊಂಡು ಬಂದೆ. ಕೈ ಮುಂದೆ ಚಾಚಿದೆ. ಅವಳು ಎರಡು ಕೈಯಲ್ಲೂ ನನ್ನ ಬೆರಳು ಹಿಡಿದು, ಬಾಗಿ, ಉದ್ದಕ್ಕೆ ಉಸಿರೆಳೆದು ಮೂಸಿದಳು.

"ಇನ್ನೊಂದ್ಸಲ ತೊಳ್ಕೊ" ಎಂದಳು.

ತೊಳೆದುಕೊಂಡೆ.