ಮಂಗಳನಿಗಾಗಿ ಇಪ್ಪತ್ತಾರು ತಿಂಗಳು

ಆ ಭಾನುವಾರ ನಂಜನಗೂಡಿನಿಂದ ಟಿ. ನರಸೀಪುರದ ಬಸ್ಸು ಹತ್ತಿದಾಗ ನನಗೆ ಯಾರ ಜೊತೆಯೂ ಮಾತಾಡುವ ಮನಸ್ಸಿರಲಿಲ್ಲ. ವಾರವೆಲ್ಲ ಬೆಂಗಳೂರಿನಲ್ಲಿ ಕೂತು ಒಂದೇ ಲೆಕ್ಕವನ್ನು ಹತ್ತಾರು ಬಗೆಯಲ್ಲಿ ಮಾಡಿ ನೋಡಿದ್ದೆ. ಯಾವ ಬಗೆಯಲ್ಲೂ ಅದು ಹೊಂದುತ್ತಿರಲಿಲ್ಲ. ಅದನ್ನು ನಮ್ಮ ತಂಡದ ಮುಖ್ಯಸ್ಥರಿಗೆ ಎದುರಿಗೇ ಕೂತು ಹೇಳಬೇಕಿತ್ತು. ಅವರು ಮಂಡಿ ಆಪರೇಷನ್ ಮಾಡಿಸಿಕೊಂಡು ನರಸೀಪುರದ ತಮ್ಮ ಮನೆಯಲ್ಲಿ ರಜೆಯ ಮೇಲಿದ್ದರು.

ನಮ್ಮದು ನೌಕೆಯ ದಾರಿ ಲೆಕ್ಕ ಹಾಕುವ ತಂಡ. ಮಂಗಳ ಗ್ರಹಕ್ಕೆ ಹೋಗಬೇಕಿದ್ದ ನೌಕೆ ಅದು. ಉಡಾವಣೆ ಹತ್ತಿರ ಬಂದಾಗ ಅದರ ಎಂಜಿನ್ನಿನ ಒಂದು ಕವಾಟ ಪರೀಕ್ಷೆಯಲ್ಲಿ ಸೋರಿತು. ಬಿಚ್ಚಿ, ಬೇರೆಯದನ್ನು ಕೂರಿಸಿ, ಮತ್ತೆ ಪರೀಕ್ಷೆ ಮಾಡಲು ಆರು ವಾರ ಬೇಕು ಅಂದರು. ಉಳಿದ ಎಲ್ಲರಿಗೂ ಅದು ಆರು ವಾರ. ನನಗೂ ಮುಖ್ಯಸ್ಥರಾದ ನಮ್ಮ ಸರ್‌ಗೂ ಮಾತ್ರ ಅದು ಎರಡು ವರ್ಷಕ್ಕಿಂತ ಹೆಚ್ಚು.

ನಾನು ಹೋದಾಗ ಅವರು ಜಗುಲಿಯಲ್ಲಿ ಕಾಲು ನೀಡಿಕೊಂಡು ಕೂತಿದ್ದರು. ಹಾಲು ಹಾಕಲು ಬಂದಿದ್ದ ಪಕ್ಕದ ಮನೆಯವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ನಾನು ವಿಷಯ ಹೇಳಿದೆ. ಹಾಲಿನವರೇ ಮೊದಲು ಬಾಯಿ ಬಿಟ್ಟರು.

"ಅಲ್ಲ ಸಾ, ಆರು ವಾರ ತಡ ಆದ್ರೆ ಆರು ವಾರ ತಡವಾಗೇ ಓಗ್ಲಿ ಬುಡಿ. ಅದ್ಕ್ಯಾಕೆ ಇಂಗೆ ಮುಖ ಸಪ್ಪಗ್ ಮಾಡ್ಕೊಂಡಿದ್ದೀರಿ?"

ಸರ್ ನಕ್ಕರು. "ನೀನೇ ಹೇಳಮ್ಮ ಇವರಿಗೆ. ನಂಗೆ ಇವತ್ತು ಆಗಲ್ಲ."

ನಾನು ಹೇಳಿದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಮೂವತ್ತು ಕಿಲೋಮೀಟರು ಓಡುತ್ತಿದೆ. ನೌಕೆ ಭೂಮಿಯ ಮೇಲಿರುವಾಗಲೇ ಆ ಓಟ ಅದಕ್ಕೂ ಬಂದಿರುತ್ತದೆ. ನಾವು ಎಂಜಿನ್ ಉರಿಸಿ, ಭೂಮಿಯ ಹಿಡಿತ ದಾಟಿದ ಮೇಲೂ ಅದೇ ದಿಕ್ಕಿಗೆ ಸೆಕೆಂಡಿಗೆ ಇನ್ನೂ ಮೂರು ಕಿಲೋಮೀಟರಿನಷ್ಟು ವೇಗ ಉಳಿಯುವ ಹಾಗೆ ಮಾಡುತ್ತೇವೆ. ಆಗ ಅದರ ದಾರಿ ಉದ್ದನೆಯ ಮೊಟ್ಟೆಯಾಕಾರ ಆಗುತ್ತದೆ. ಅದರ ಒಂದು ತುದಿ ಭೂಮಿಯ ದಾರಿಗೆ ತಾಗುತ್ತದೆ, ಎದುರಿನ ತುದಿ ಮಂಗಳನ ದಾರಿಗೆ. ನಡುವೆ ಎಂಟೂವರೆ ತಿಂಗಳು ಎಂಜಿನ್ ಆಫ್. ಸೂರ್ಯನ ಸೆಳೆತದಲ್ಲೇ ಅರ್ಧ ಸುತ್ತು ಹೋಗುತ್ತದೆ. ಆ ತುದಿ ಮುಟ್ಟಿದಾಗ ಇನ್ನೊಂದು ಸಲ ಉರಿಸಬೇಕು. ಎರಡೇ ಸಲ. ಇದಕ್ಕಿಂತ ಕಡಿಮೆ ಇಂಧನದಲ್ಲಿ ನಾವು ಅಲ್ಲಿಗೆ ಹೋಗಲಾರೆವು.

"ಸರಿ, ಓಗ್ಲಿ."

"ಅದು ಅಲ್ಲಿ ಮುಟ್ಟೋ ಹೊತ್ತಿಗೆ ಮಂಗಳ ಕೂಡ ಅಲ್ಲಿಗೇ ಬಂದಿರಬೇಕಲ್ಲ? ಅದಕ್ಕೆ ನಾವು ಹೊರಡುವಾಗ ಮಂಗಳ ನಮಗಿಂತ ನಲವತ್ನಾಲ್ಕು ಡಿಗ್ರಿ ಮುಂದಿರಬೇಕು. ಆದರೆ ಭೂಮಿ ಮಂಗಳಕ್ಕಿಂತ ಜೋರಾಗಿ ಓಡುತ್ತೆ. ಆರು ವಾರದಲ್ಲಿ ಆ ಅಂತರ ಇಪ್ಪತ್ತೈದಕ್ಕೆ ಇಳಿದುಬಿಡುತ್ತೆ. ಆಗ ಕಳಿಸಿದರೆ ನೌಕೆ ಮೊದಲೇ ಹೋಗಿ ಮುಟ್ಟುತ್ತೆ, ಮಂಗಳ ಇನ್ನೂ ಹಿಂದೆ ಇರುತ್ತೆ."

"ಕಾಯ್ಲಿ ಅಲ್ಲೇ."

"ಅಲ್ಲಿ ನಿಲ್ಲೋಕಾಗಲ್ಲ," ಅಂದರು ಸರ್. "ನಿಂತ್ಕೊಳ್ಳೋ ಜಾಗ ಇಲ್ಲ ಅಲ್ಲಿ. ತುದಿ ಮುಟ್ಟಿದ ತಕ್ಷಣ ವಾಪಸು ಸೂರ್ಯನ ಕಡೆಗೆ ಇಳಿಯೋಕೆ ಶುರು."

"ಮತ್ತೆ ಯಾವಾಗ ಕೂಡ್ ಬತ್ತದೆ ಸಾ?" ಅಂದರು ಹಾಲಿನವರು.

"ಇಪ್ಪತ್ತಾರು ತಿಂಗಳಿಗೆ," ಅಂದೆ.

ಅವರು ಖಾಲಿ ಕ್ಯಾನು ಎತ್ತಿಕೊಂಡು ಹೋದರು. ನಮ್ಮ ಸರ್ ಮುಂದಿನ ವರ್ಷ ನಿವೃತ್ತರಾಗುತ್ತಾರೆ ಅನ್ನುವುದು ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಸರ್ ಹೆಂಡತಿ ಕಾಫಿ ತಂದಿಟ್ಟು, ಅವರ ಮುಖ ನೋಡಿ ಒಳಗೆ ಹೋದರು. ಸರ್ ಒಂದು ಹಾಳೆ ತೆಗೆದುಕೊಂಡರು. "ಬೇರೆ ದಾರಿ ನೋಡಿದ್ಯಾ? ಸ್ವಲ್ಪ ಹೊರಗಿನಿಂದ ಸುತ್ತಿಸಿ?"

"ನೋಡ್ದೆ ಸರ್. ಮಂಗಳನ ದಾರಿ ದಾಟಿ ಹೋಗಿ ವಾಪಸು ಬರುವಾಗ ಹಿಡಿಯೋದೂ ನೋಡ್ದೆ. ಹೊರಡೋಕೂ ಹೆಚ್ಚು ಬೇಕು, ಅಲ್ಲಿ ಹಿಡಿಯೋಕೂ ಹೆಚ್ಚು ಬೇಕು. ಟ್ಯಾಂಕಿನಲ್ಲಿ ಅಷ್ಟು ಹಿಡಿಯಲ್ಲ."

ಆದರೂ ಅವರು ಬರೆಯುತ್ತಾ ಹೋದರು. ನಾನು ಕಾಫಿ ಕುಡಿದೆ. ಎಷ್ಟೋ ವರ್ಷಗಳಿಂದ ಅವರ ಪಕ್ಕದಲ್ಲಿ ಕೂತು ಆ ಸಣ್ಣ ಅಕ್ಷರಗಳನ್ನು ನೋಡಿದ್ದೇನೆ. ಅವತ್ತು ಮಾತ್ರ ನೋಡಲಾಗಲಿಲ್ಲ. ಕೊನೆಗೆ ಅವರು ಪೆನ್ನಿನ ಕ್ಯಾಪು ಹಾಕಿ, "ಊಟ ಮಾಡ್ಕೊಂಡು ಹೋಗು" ಅಂದರು.

ಆ ವಾರದ ಸಭೆಗೆ ಅವರು ಊರುಗೋಲು ಹಿಡಿದು ಬೆಂಗಳೂರಿಗೆ ಬಂದರು. ಮೇಲಿನವರಿಗೆ ಹೇಗಾದರೂ ಈ ಸಲವೇ ನೌಕೆ ಹೋಗಬೇಕಿತ್ತು. ಎರಡು ಉಪಕರಣ ತೆಗೆದು ತೂಕ ಇಳಿಸಿದರೆ ಆಗುವುದಿಲ್ಲವೇ ಅಂತ ಒಬ್ಬರು ಕೇಳಿದರು. ಇಡೀ ಕೋಣೆ ಸರ್ ಕಡೆ ನೋಡಿತು. ಅವರು "ಹೊರಡಬಹುದು" ಅಂದರು. "ಹೊರಟು ಮಂಗಳನ ಪಕ್ಕದಲ್ಲೇ ಹಾದು ಹೋಗಬಹುದು. ನಿಲ್ಲಿಸೋಕೆ ಇಂಧನ ಇರಲ್ಲ. ಎರಡನೇ ಉರಿತಕ್ಕೆ ಇಲ್ಲದಿದ್ದ ಮೇಲೆ ಮೊದಲನೇದು ಯಾಕೆ? ಮುಂದಿನ ಸಲಕ್ಕೆ ಹೋಗೋಣ." ಆ ಮುಂದಿನ ಸಲಕ್ಕೆ ಕಚೇರಿಯಲ್ಲಿ ತಾವಿರುವುದಿಲ್ಲ ಅನ್ನುವುದನ್ನು ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ.

ನೌಕೆಯನ್ನು ಮುಚ್ಚಿ ಇಟ್ಟರು. ಸರ್ ನಿವೃತ್ತರಾದರು. ನಾನು ಅವರ ಕುರ್ಚಿಗೆ ಬಂದೆ. ಸೋಮವಾರ ಬೆಳಿಗ್ಗೆ ನಂಜನಗೂಡಿನ ಮನೆಯಿಂದ ಮೈಸೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು, ಶನಿವಾರ ವಾಪಸು. ನನ್ನ ಗಂಡನಿಗೆ ಊರಿನ ಹತ್ತಿರದ ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ, ಮನೆ ಬಿಟ್ಟು ಬರುವ ಹಾಗಿರಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು. ಕಾಯುವ ಕೆಲಸದಲ್ಲಿ ಇಷ್ಟು ಸುಸ್ತಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಕೊನೆಗೆ ಹೊರಟಿತು. ಮೊದಲ ಉರಿತ ಸರಿಯಾಗಿ ಆಯಿತು. ಆಮೇಲೆ ಮತ್ತೆ ಕಾಯುವುದು. ದಾರಿಯಲ್ಲಿ ಎರಡು ಸಲ ಸಣ್ಣದಾಗಿ ತಿದ್ದಿದೆವು, ಅಷ್ಟೇ.

ತಲುಪುವ ದಿನ ಬೆಳಿಗ್ಗೆ ನಾನು ನಿಯಂತ್ರಣ ಕೊಠಡಿಯಲ್ಲಿದ್ದೆ. ಆ ತುದಿಯಲ್ಲಿ ನೌಕೆ ನಿಧಾನವಾಗಿರುತ್ತದೆ, ಮಂಗಳ ಹಿಂದಿನಿಂದ ಅದಕ್ಕಿಂತ ಬೇಗ ಬರುತ್ತದೆ. ಸೂರ್ಯನ ಲೆಕ್ಕದಲ್ಲಿ ಎರಡನೇ ಉರಿತ ನೌಕೆಯ ವೇಗ ಹೆಚ್ಚಿಸುತ್ತದೆ. ಮಂಗಳನ ಲೆಕ್ಕದಲ್ಲಿ ಅದು ಬ್ರೇಕು. ಉರಿಯುತ್ತಿರುವಾಗಲೇ ನೌಕೆ ಗ್ರಹದ ಮರೆಗೆ ಹೋಯಿತು. ಸಂಕೇತ ನಿಂತಿತು. ಮರೆಯಿಂದ ಹೊರಬಂದರೂ ಸಂಕೇತ ನಮ್ಮನ್ನು ಮುಟ್ಟಲು ಹನ್ನೆರಡು ನಿಮಿಷದ ಆಸುಪಾಸು ಬೇಕು. ಪರದೆಯ ಮೇಲೆ ಸಂಕೇತದ ಗೆರೆ ಮತ್ತೆ ಎದ್ದಾಗ ತಂಡದ ಹುಡುಗಿಯರು ಕೂಗಿದರು, ಯಾರೋ ನನ್ನನ್ನು ತಬ್ಬಿಕೊಂಡರು. ನನಗೆ ಕೂತುಕೊಳ್ಳಬೇಕು ಅನ್ನಿಸಿತು.

ಮಧ್ಯಾಹ್ನ ನರಸೀಪುರಕ್ಕೆ ಫೋನ್ ಮಾಡಿದೆ. ಸರ್ ಹೆಂಡತಿ ಎತ್ತಿದರು. "ಬೆಳಿಗ್ಗೆಯಿಂದ ಟಿವಿ ಬಿಟ್ಟು ಎದ್ದಿರ್ಲಿಲ್ಲ. ಆಯ್ತು ಅಂದ ಮೇಲೆ ಹಾಗೇ ಮಲಗಿಬಿಟ್ರು. ಎಬ್ಬಿಸ್ಲೇನಮ್ಮ?"

"ಬೇಡ, ಮಲಗಲಿ" ಅಂದೆ.

ಭಾನುವಾರ ಹೋದೆ. ಸರ್ ತುಂಬ ಇಳಿದುಹೋಗಿದ್ದರು. ಅಭಿನಂದನೆ ಗಿಭಿನಂದನೆ ಏನೂ ಹೇಳಲಿಲ್ಲ. "ಟ್ಯಾಂಕಿನಲ್ಲಿ ಎಷ್ಟು ಉಳೀತು?" ಅಂತ ಕೇಳಿದರು.

"ನಾವಂದುಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಸರ್."

"ಒಳ್ಳೇದಾಯ್ತು." ಅವರು ಕಣ್ಣು ಒರೆಸಿಕೊಂಡರು. ಆಮೇಲೆ ನನ್ನನ್ನು ನೋಡಿ, "ನೀನೊಂದು ವಾರ ರಜೆ ಹಾಕಮ್ಮ" ಅಂದರು.

ಹಾಕಿದೆ. ಮೊದಲ ಎರಡು ದಿನ ಬರೀ ನಿದ್ದೆ ಮಾಡಿದೆ.