ವಾಸಿಂ ಹೆಸರಿಗೆ ಬರುತ್ತಿದ್ದ ಉತ್ತರ

ಸಿಂಧನೂರಿನ ಬಸ್ ನಿಲ್ದಾಣದ ಹಿಂದೆ ಶಿವಕುಮಾರಿಯ ಝೆರಾಕ್ಸ್ ಅಂಗಡಿ. ಊರವರ ಅರ್ಜಿ, ಇ-ಮೇಲ್ ಎಲ್ಲ ಬರೆದುಕೊಡುವವಳು ಅವಳೇ. ಬಾಯಿ ಬೊಂಬಾಯಿ, ಮನಸ್ಸು ಮಾತ್ರ ಬೆಣ್ಣೆ. ಯಾರ ಅರ್ಜಿಯಾದರೂ ಅವರೇ ಮಾತಾಡಿದ ಹಾಗೆ ‘ನಾನು’ ಎಂದು ಶುರು ಮಾಡುವುದು ಅವಳ ರೂಢಿ.

ದಢೇಸುಗೂರಿನ ಮೈಮುನಾಬಿಯ ಮಗ ವಾಸಿಂ ಸೌದಿಯಲ್ಲಿ ಡ್ರೈವರ್ ಆಗಿದ್ದ. ಕೆಲಸ ಬಿಟ್ಟು ಬರುವವನು ಮೊದಲೇ ತನ್ನ ಹೆಸರಿಗೇ ಸಾಮಾನಿನ ಪೆಟ್ಟಿಗೆಯನ್ನು ಹಡಗಿಗೆ ಹಾಕಿಸಿದ್ದ. ಪೆಟ್ಟಿಗೆ ಸಮುದ್ರದಲ್ಲಿರುವಾಗಲೇ ಅಪಘಾತದಲ್ಲಿ ತೀರಿಕೊಂಡ. ಮಣ್ಣೂ ಅಲ್ಲೇ ಆಯಿತು. ತಾಯಿಗೆ ಮುಖ ನೋಡಲೂ ಸಿಗಲಿಲ್ಲ.

ಮುಂಬೈ ಬಂದರಿನಲ್ಲಿ ಪೆಟ್ಟಿಗೆ ಸಿಕ್ಕಿಬಿತ್ತು. ಪಾಸ್‌ಪೋರ್ಟ್ ಪ್ರತಿ ಇಲ್ಲ, ಸಾಮಾನಿನ ಪಟ್ಟಿ ಇಲ್ಲ ಎಂದು ಕಸ್ಟಮ್ಸ್ ಏಜೆಂಟ್ ವಾಸಿಂ ಕೊಟ್ಟಿದ್ದ ಮನೆಯ ಫೋನಿಗೆ ಸಂದೇಶ ಕಳಿಸಿದ. ಮೈಮುನಾಬಿ ಅದನ್ನು ಅಂಗಡಿಗೆ ತಂದಳು. ಮಗ ಹೋದದ್ದನ್ನು ಮಾತ್ರ ಹೇಳಲಿಲ್ಲ. ಶಿವಕುಮಾರಿ ರೂಢಿಯಂತೆ ಬರೆದಳು: ‘ನಾನು ವಾಸಿಂ. ನನ್ನ ಪೆಟ್ಟಿಗೆ ಬಿಡಿಸಲು ಏನು ಮಾಡಬೇಕು?’

ಉತ್ತರ ಬಂತು: ‘ವಾಸಿಂ ಅವರೇ, ಪಾಸ್‌ಪೋರ್ಟ್ ತೆಗೆದುಕೊಂಡು ನೀವೇ ಬನ್ನಿ.’

“ಇನ್ನೊಮ್ಮಿ ಓದು ಬೇಟಿ,” ಎಂದಳು ಮೈಮುನಾಬಿ.

ಆಮೇಲೆ ಸಂತೆಗೆ ಬಂದಾಗೆಲ್ಲ ಏನಾದರೊಂದು ನೆಪದಲ್ಲಿ ಬರೆಸುವಳು, ಉತ್ತರ ಓದಿಸಿಕೊಂಡು ಹೋಗುವಳು. ಕೊನೆಗೆ ಶಿವಕುಮಾರಿ ರೇಗಿದಳು. “ಎಲ್ಲಿ ಅದಾನ ಅಮ್ಮಾ ನಿನ್ ಮಗ? ಅವನ್ನ ಕಳಸು, ಪೆಟ್ಟಿಗಿ ಬಿಡ್ತಾರ.”

“ಹೆಂಗ ಕಳಸ್ಲಿ? ಅವ ಮಣ್ಣಾಗ ಅದಾನ.”

ಇಷ್ಟು ದಿನ ಸತ್ತವನ ಬಾಯಾಗಿದ್ದೆನಲ್ಲ ಎಂದು ಶಿವಕುಮಾರಿಗೆ ಭಯವಾಯಿತು. ಅಂದಿನಿಂದ ಯಾರ ಅರ್ಜಿಗೆ ‘ನಾನು’ ಎಂದು ಒತ್ತಿದರೂ ಬೆನ್ನ ಹಿಂದೆ ಯಾರೋ ನಿಂತು ಓದಿದಂತೆ. ತಿರುಗಿ ನೋಡಿದರೆ ಗೋಡೆ.

ಮೈಮುನಾಬಿಗೆ ತಿಳಿಸದೆ ಅವಳೇ ಏಜೆಂಟನಿಗೆ ಫೋನು ಮಾಡಿ ನಿಜ ಹೇಳಿದಳು. ಮರಣ ಪತ್ರ ಬೇಕು, ತಾಯಿಯ ಅರ್ಜಿ ಬೇಕು, ಸಾಮಾನು ಸತ್ತವನದೇ ಎಂದು ಸೌದಿಯಲ್ಲಿರುವ ನಮ್ಮ ರಾಯಭಾರ ಕಚೇರಿಯ ಪತ್ರವೂ ಬೇಕು ಎಂದ. ತಡವಾದರೆ ಹರಾಜು.

ಅಂಥ ಅರ್ಜಿಗೆ ಮೈಮುನಾಬಿ ಒಪ್ಪಲಿಲ್ಲ. “ಸತ್ತಾನ ಅಂತ ಬರದ್ರ ಅವನ ಹೆಸರಿಗೆ ಇನ್ಯಾರ ಬರೀತಾರ? ಅವ ಅದಾನ ಅಂತ ತಿಳ್ಕಂಡಾವ ಅಲ್ಲೆ ಮುಂಬೈದಾಗ ಒಬ್ಬನರ ಅದಾನ.”

“ಹರಾಜಾದ್ರ ಅವನ ಅಂಗಿ ಯಾವನೋ ಹಾಕ್ಕಂತಾನ ಅಮ್ಮಾ.”

ಮೈಮುನಾಬಿ ಸ್ಟೂಲು ಎಳೆದು ಕೂತು, “ಬರಿ,” ಎಂದಳು. ‘ನಾನು ಮೈಮುನಾಬಿ. ನನ್ನ ಮಗ ವಾಸಿಂ’ ಎನ್ನುವಷ್ಟರಲ್ಲಿ ಶಿವಕುಮಾರಿಯ ಬೆರಳು ನಿಂತಿತು. ಮುಂದಿನ ಮಾತನ್ನು ತಾಯಿಯೇ ಹೇಳಿಕೊಟ್ಟಳು.

ಸೌದಿಯ ಗೆಳೆಯರು ಓಡಾಡಿ ಪತ್ರಗಳನ್ನು ಕಳಿಸಿದರು. ಪೆಟ್ಟಿಗೆ ಸಿಂಧನೂರಿನ ಲಾರಿ ಆಫೀಸಿಗೆ ಬಂತು. ಗಲ್ಫಿನವರೆಲ್ಲ ಮಾಡುವ ಹಾಗೆ ವಾಸಿಂ ನಾಲ್ಕೂ ಬದಿಗೆ ದಪ್ಪ ಅಕ್ಷರದಲ್ಲಿ ತನ್ನ ಹೆಸರು, ಊರು ಬರೆದಿದ್ದ. ಮೈಮುನಾಬಿ ಆ ಅಕ್ಷರಗಳ ಮೇಲೆ ಕೈಯಾಡಿಸಿದಳು.

ಶಿವಕುಮಾರಿ ಹಗ್ಗ ಕೊಯ್ಯಲು ಬ್ಲೇಡು ತೆಗೆದಳು. ಮೈಮುನಾಬಿ ಅವಳ ಕೈ ಹಿಡಿದಳು.

“ಬ್ಯಾಡ ಬೇಟಿ. ಅವನ ಹೆಸರಿಗೆ ಬಂದೈತಿ. ಅವನೇ ಬಿಚ್ಚಲಿ.”